ಪಿಡಿಎಫ್‌ನಲ್ಲಿ ಅಕ್ಷರದ ಬದಲು ಖಾಲಿ ಚೌಕ: ತಪ್ಪು ನಿಮ್ಮ ಮೊಬೈಲಿನದೋ, ಕಡತದ್ದೋ?

ಗ್ರೂಪಿಗೆ ಒಂದು ಪಿಡಿಎಫ್ ಬರುತ್ತದೆ. ತೆರೆದರೆ ಕನ್ನಡದ ನಡುವೆ ಅಲ್ಲಲ್ಲಿ ಖಾಲಿ ಚೌಕಗಳು. ಕೆಲವರಿಗೆ ಶೀರ್ಷಿಕೆಯ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳ ಸಾಲು. ಕೂಡಲೇ ಸಲಹೆಗಳೂ ಬರುತ್ತವೆ. "ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಕನ್ನಡ ಕೆಟ್ಟುಹೋಗುತ್ತದೆ" ಎಂದು ಒಬ್ಬರು, "ಈ ಫಾಂಟ್ ಆ್ಯಪ್ ಹಾಕಿಕೊಳ್ಳಿ, ಸರಿಹೋಗುತ್ತದೆ" ಎಂದು ಇನ್ನೊಬ್ಬರು, "ನಿಮ್ಮ ಫೋನ್ ಹಳೆಯದು" ಎಂದು ಮತ್ತೊಬ್ಬರು.

ಇವುಗಳಲ್ಲಿ ಮೊದಲನೆಯದು ನಿಜವಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ ಪಿಡಿಎಫ್ ಹೇಗಿತ್ತೋ ಹಾಗೆಯೇ ತಲುಪುತ್ತದೆ. ಅದರೊಳಗಿನ ಅಕ್ಷರಗಳನ್ನು ಅದು ಮುಟ್ಟುವುದಿಲ್ಲ. ಉಳಿದ ಎರಡು ಮಾತುಗಳೂ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪೇ. ಚೌಕ ಎಲ್ಲಿ ಹುಟ್ಟಿತು ಎಂದು ತಿಳಿಯದೆ ಮದ್ದು ಹೇಳಿದರೆ ಫಲವಿಲ್ಲ. ಹಾಗಾಗಿ ಈ ಲೇಖನದಲ್ಲಿ ಒಂದು ಪುಟದ ನೋಟಿಸನ್ನೇ ಇಟ್ಟುಕೊಂಡು, ಚೌಕ ಹೇಗೆ ಹುಟ್ಟುತ್ತದೆ, ಕಳಿಸುವ ಮೊದಲೇ ಅದನ್ನು ಹಿಡಿಯುವುದು ಹೇಗೆ ಎಂದು ನೋಡೋಣ.

ಖಾಲಿ ಚೌಕ ಎಂದರೆ ಏನು?

ನಾವು "ಕ" ಎಂದು ಒತ್ತಿದಾಗ ಕಂಪ್ಯೂಟರ್ ಉಳಿಸಿಕೊಳ್ಳುವುದು ಒಂದು ಸಂಖ್ಯೆಯನ್ನು. ಯೂನಿಕೋಡ್ ಎಂಬ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಆ ಸಂಖ್ಯೆಗೆ ತೆರೆಯ ಮೇಲೆ ಯಾವ ಚಿತ್ರ ಬರೆಯಬೇಕು ಎಂದು ಹೇಳುವುದು ಫಾಂಟ್. ಈ ಚಿತ್ರಕ್ಕೆ ಗ್ಲಿಫ್ ಎಂದು ಹೆಸರು. ಹಾಗಾಗಿ ಫಾಂಟನ್ನು ಚಿತ್ರಗಳ ಒಂದು ಪೆಟ್ಟಿಗೆ ಎಂದುಕೊಳ್ಳಬಹುದು.

ಕೇಳಿದ ಅಕ್ಷರಕ್ಕೆ ಪೆಟ್ಟಿಗೆಯಲ್ಲಿ ಚಿತ್ರವೇ ಇಲ್ಲದಿದ್ದರೆ? ಅದಕ್ಕೆಂದೇ ಪ್ರತಿ ಫಾಂಟಿನಲ್ಲೂ ಮೊಟ್ಟಮೊದಲ ಸ್ಥಾನದಲ್ಲಿ "ಇದು ನನ್ನಲ್ಲಿಲ್ಲ" ಎನ್ನುವ ಚಿತ್ರವೊಂದು ಇರುತ್ತದೆ. ತಾಂತ್ರಿಕವಾಗಿ ಅದರ ಹೆಸರು `.notdef`. ಸಾಮಾನ್ಯವಾಗಿ ಅದು ಖಾಲಿ ಚೌಕ. ಕೆಲವು ಫಾಂಟುಗಳಲ್ಲಿ ಗುಣಿಸುವ ಗುರುತು ಇರುವ ಚೌಕ, ಇನ್ನು ಕೆಲವರಲ್ಲಿ ಬರೀ ಖಾಲಿ ಜಾಗ. ನೋಡಲು ಸೋಯಾ ಪನೀರಿನ ತುಂಡಿನಂತಿರುವುದರಿಂದ ಫಾಂಟ್ ಮಾಡುವವರು ಇದನ್ನು ತಮಾಷೆಗೆ "ಟೋಫು" ಎನ್ನುತ್ತಾರೆ. ಗೂಗಲ್‌ನ "ನೋಟೋ" ಫಾಂಟುಗಳಿಗೆ ಆ ಹೆಸರು ಬಂದದ್ದೂ "ಇನ್ನು ಟೋಫು ಬೇಡ" ಎಂಬ ಅರ್ಥದಲ್ಲಿ.

ಇಲ್ಲಿ ನೆನಪಿಡಬೇಕಾದದ್ದು ಇಷ್ಟು. ಪಿಡಿಎಫ್ ಮಾಡುವಾಗಲೇ ಆ ಚೌಕ ಬಿದ್ದಿದ್ದರೆ, ಅಲ್ಲಿ ಅಕ್ಷರದ ಬದಲು ಚೌಕದ ಚಿತ್ರವೇ ಕಡತದೊಳಗೆ ಸೇರಿಹೋಗಿರುತ್ತದೆ. ಓದುವವರು ಯಾವ ಫಾಂಟ್ ಹಾಕಿಕೊಂಡರೂ, ಯಾವ ಫೋನ್ ಕೊಂಡರೂ ಅದು ಚೌಕವಾಗಿಯೇ ಕಾಣುತ್ತದೆ.

ಆದರೆ ಇನ್ನೊಂದು ಬಗೆಯ ತೊಂದರೆಯೂ ಇದೆ. ಪಿಡಿಎಫ್ ಮಾಡುವಾಗ ಫಾಂಟನ್ನು ಕಡತದೊಳಗೆ ಸೇರಿಸಿ ಕಳಿಸಬಹುದು, ಬರೀ ಅದರ ಹೆಸರನ್ನು ಬರೆದೂ ಕಳಿಸಬಹುದು. ಬರೀ ಹೆಸರು ಕಳಿಸಿದರೆ ಓದುವವರ ಸಾಧನದಲ್ಲಿ ಆ ಫಾಂಟ್ ಇರಬೇಕು. ಇಲ್ಲದಿದ್ದರೆ ಅಲ್ಲಿನ ಆ್ಯಪ್ ತನಗೆ ತೋಚಿದ ಬೇರೆ ಫಾಂಟನ್ನು ಅದರ ಜಾಗಕ್ಕೆ ತರುತ್ತದೆ. ಅಡುಗೆ ಕಟ್ಟಿ ಕಳಿಸುವುದಕ್ಕೂ ಅಡುಗೆಯ ಹೆಸರು ಬರೆದ ಚೀಟಿ ಕಳಿಸುವುದಕ್ಕೂ ಇರುವ ವ್ಯತ್ಯಾಸ ಇದು. ಚೀಟಿ ಸಿಕ್ಕವರು ತಮ್ಮ ಮನೆಯಲ್ಲಿ ಇದ್ದದ್ದರಲ್ಲಿ ಏನೋ ಮಾಡಿಕೊಳ್ಳುತ್ತಾರೆ.

ಎರಡನ್ನೂ ಬೇರ್ಪಡಿಸುವ ಸುಲಭ ಪರೀಕ್ಷೆ ಒಂದಿದೆ. ಅದೇ ಪಿಡಿಎಫನ್ನು ಎರಡು ಬೇರೆ ಸಾಧನಗಳಲ್ಲಿ ತೆರೆಯಿರಿ. ಒಂದು ಅದನ್ನು ತಯಾರಿಸಿದ ಕಂಪ್ಯೂಟರ್, ಇನ್ನೊಂದು ಬೇರೆಯವರ ಫೋನ್. ಚೌಕ ಎರಡರಲ್ಲೂ ಅದೇ ಜಾಗದಲ್ಲಿದ್ದರೆ ಅದು ಕಡತದೊಳಗೇ ಅಚ್ಚಾದ ಚೌಕ. ಒಂದರಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಕೆಟ್ಟಿದ್ದರೆ ಫಾಂಟ್ ಕಡತದೊಳಗೆ ಸೇರಿಲ್ಲ ಎಂದು ತಿಳಿಯಬಹುದು.

ಒಂದು ನೋಟಿಸು, ನಾಲ್ಕು ತೊಂದರೆ

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವೊಂದು ವಾರ್ಷಿಕ ಸಭೆಯ ನೋಟಿಸು ಹೊರಡಿಸಬೇಕಿದೆ ಎಂದುಕೊಳ್ಳಿ. ಕಾರ್ಯದರ್ಶಿಗಳು ಮನೆಯ ಹಳೆಯ ಕಂಪ್ಯೂಟರಿನಲ್ಲಿ ವರ್ಡ್‌ನಲ್ಲಿ "ತುಂಗಾ" ಫಾಂಟ್ ಆರಿಸಿ, ಒಂದೇ ಪುಟಕ್ಕೆ ಸರಿಹೊಂದುವಂತೆ ಟೈಪ್ ಮಾಡಿದ್ದಾರೆ. ಡಿಟಿಪಿ ಅಂಗಡಿಯಲ್ಲಿ ಅದನ್ನು ವಿನ್ಯಾಸದ ತಂತ್ರಾಂಶವೊಂದಕ್ಕೆ ಹಾಕಿ, ಶೀರ್ಷಿಕೆಯನ್ನು ಹಳೆಯ ನುಡಿ ಫಾಂಟಿನಲ್ಲಿ ದಪ್ಪಗೆ ಕೂರಿಸಿ, ಪಿಡಿಎಫ್ ಮಾಡಿ ಕಳಿಸಿದ್ದಾರೆ. ಫೋನಿನಲ್ಲಿ ತೆರೆದ ಕಾರ್ಯದರ್ಶಿಗಳಿಗೆ ಕಂಡದ್ದು ಇದು:

ಶೀರ್ಷಿಕೆಯಲ್ಲಿ "ವಾರ್ಷಿಕ ಸಭೆ" ಬದಲು `ªÁ¶ðPÀ ¸À¨sÉ`.

ಹಣದ ಸಾಲಿನಲ್ಲಿ "ಬಾಕಿ ಷೇರು ಹಣ □1,250".

ಅದರ ಕೆಳಗೆ "ಬ್ಯಾಂಕ್□ನಲ್ಲಿ ಕಟ್ಟತಕ್ಕದ್ದು".

ಮತ್ತು ಒಂದೇ ಪುಟದಲ್ಲಿ ಮುಗಿಯಬೇಕಿದ್ದ ನೋಟಿಸಿನ ಕೊನೆಯ ಎರಡು ಸಾಲು, ಸಹಿಯ ಜಾಗ ಸೇರಿ, ಎರಡನೇ ಪುಟಕ್ಕೆ ಹೋಗಿವೆ.

ಕಾರ್ಯದರ್ಶಿಗಳು ಫೋನ್ ಮಾಡಿದರೆ ಅಂಗಡಿಯಿಂದ ಬರುವ ಉತ್ತರ, "ಶೀರ್ಷಿಕೆ ನಮ್ಮಲ್ಲಿ ಸರಿ ಕಾಣ್ತಿದೆಯಲ್ಲ ಸಾರ್." ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಂಪ್ಯೂಟರಿನಲ್ಲಿ ಶೀರ್ಷಿಕೆ ನಿಜಕ್ಕೂ ಸರಿಯಾಗಿಯೇ ಕಾಣುತ್ತಿದೆ. ಇದರಲ್ಲಿ ನಿಜವಾದ ಅಪಾಯ ಹಣದ ಸಾಲಿನದು. "□1,250" ನೋಡಿದ ಸದಸ್ಯರಿಗೆ ಮುಂದಿನ ಒಂದು ಅಂಕಿಯೇ ಅಳಿಸಿದೆ ಎನಿಸಬಹುದು. ಹನ್ನೊಂದು ಸಾವಿರವೋ, ಇಪ್ಪತ್ತೊಂದು ಸಾವಿರವೋ ಎಂದು ಜಗಳ ಏಳಲು ಅಷ್ಟು ಸಾಕು.

ಈಗ ಒಂದೊಂದನ್ನೇ ಬಿಡಿಸಿ ನೋಡೋಣ.

ಶೀರ್ಷಿಕೆ ಏಕೆ ಚಿಹ್ನೆಗಳಾಯಿತು?

ಯೂನಿಕೋಡ್ ಎಲ್ಲೆಡೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳು ಒಂದು ಜಾಣ ದಾರಿ ಹಿಡಿದಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟುಗಳನ್ನು ಮಾಡಿದವು. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು `P` ಮತ್ತು `À`, ಆದರೆ ಆ ಫಾಂಟ್ ಇದ್ದರೆ ನಮಗೆ ಕಾಣುವುದು "ಕ". ಇವತ್ತಿಗೂ ಅನೇಕ ಡಿಟಿಪಿ ಅಂಗಡಿಗಳಲ್ಲಿ ಈ ಫಾಂಟುಗಳೇ ನಡೆಯುತ್ತಿವೆ. ನುಡಿ, ಬರಹ ಎರಡರಲ್ಲೂ ಈಗ ಯೂನಿಕೋಡ್ ಟೈಪಿಂಗ್ ಇದೆ, ತೊಂದರೆ ಇರುವುದು ಹಳೆಯ ಫಾಂಟುಗಳಲ್ಲಿ ಮಾತ್ರ.

ಅಂಗಡಿಯಿಂದ ಬಂದ ಪಿಡಿಎಫ್‌ನಲ್ಲಿ ಆ ಫಾಂಟ್ ಸೇರಿರಲಿಲ್ಲ, ಹೆಸರು ಮಾತ್ರ ಇತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ ಇರುವುದರಿಂದ ಅಲ್ಲಿ ಸರಿ ಕಂಡಿತು. ಫೋನಿನಲ್ಲಿ ಇಲ್ಲದಿರುವುದರಿಂದ ಅದರ ಬದಲು ಬಂದ ಇಂಗ್ಲಿಷ್ ಫಾಂಟ್, ಕಡತದಲ್ಲಿದ್ದ `P` ಅನ್ನು `P` ಎಂದೇ ತೋರಿಸಿತು. ಹೀಗಾಗಿ ಕನ್ನಡದ ಜಾಗದಲ್ಲಿ ಚೌಕಗಳಲ್ಲದೆ `PÀ£ÀßqÀ` ರೀತಿಯ ಸಾಲು ಕಂಡರೆ ಅದು ಸಾಮಾನ್ಯವಾಗಿ ಹಳೆಯ ಬಗೆಯ ಫಾಂಟ್ ಸೇರಿಲ್ಲ ಎಂಬ ಗುರುತು. ಅಂದ ಹಾಗೆ, ಆ ಸಾಲು "ಕನ್ನಡ" ಎಂಬ ಪದ.

ಹಣದ ಮುಂದಿನ ಚೌಕ

ಇದು ಬೇರೆಯದೇ ಕಥೆ. ರೂಪಾಯಿಯ ₹ ಚಿಹ್ನೆಯನ್ನು ಭಾರತ ಸರ್ಕಾರ ಒಪ್ಪಿದ್ದು 2010ರ ಜುಲೈನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಅದು ಯೂನಿಕೋಡ್ ಪಟ್ಟಿಗೆ ಸೇರಿತು. ಅದಕ್ಕಿಂತ ಮೊದಲು ಮಾಡಿ, ಆಮೇಲೆ ಪರಿಷ್ಕರಿಸದ ಕನ್ನಡ ಫಾಂಟುಗಳಲ್ಲಿ ಈ ಚಿಹ್ನೆಗೆ ಚಿತ್ರವೇ ಇಲ್ಲ.

ವರ್ಡ್‌ನಂಥ ತಂತ್ರಾಂಶಗಳು ಒಂದು ಫಾಂಟಿನಲ್ಲಿ ಇಲ್ಲದ ಚಿಹ್ನೆಯನ್ನು ಸದ್ದಿಲ್ಲದೆ ಬೇರೆ ಫಾಂಟಿನಿಂದ ತಂದು ತುಂಬುತ್ತವೆ. ಅದಕ್ಕೇ ಕಾರ್ಯದರ್ಶಿಗಳ ಮನೆಯಲ್ಲಿ ₹ ಸರಿಯಾಗಿ ಕಂಡಿತ್ತು. ವಿನ್ಯಾಸದ ತಂತ್ರಾಂಶಗಳಲ್ಲಿ ಹಲವು ಹಾಗೆ ಮಾಡುವುದಿಲ್ಲ. ಹೇಳಿದ ಫಾಂಟಿನಲ್ಲಿ ಇಲ್ಲ ಎಂದರೆ ಇಲ್ಲ, ಚೌಕ ಹಾಕಿ ಮುಂದೆ ಹೋಗುತ್ತವೆ. ಹಾಗಾಗಿ ಈ ಚೌಕ ಅಂಗಡಿಯ ಕಂಪ್ಯೂಟರಿನಲ್ಲೂ ಇತ್ತು. ಶೀರ್ಷಿಕೆಯ ಅಂದ ನೋಡುತ್ತಿದ್ದ ಕಣ್ಣಿಗೆ ಅದು ಬೀಳಲಿಲ್ಲ ಅಷ್ಟೇ.

"ಬ್ಯಾಂಕ್‌ನಲ್ಲಿ" ನಡುವೆ ಚೌಕ ಹೇಗೆ ಬಂತು?

ಓದುವವರಿಗೆ ತೀರಾ ವಿಚಿತ್ರ ಎನಿಸುವುದು ಇದೇ. ಪದದ ಎಲ್ಲ ಅಕ್ಷರಗಳೂ ಇವೆ. ಯಾವುದೂ ಕಾಣೆಯಾಗಿಲ್ಲ. ಆದರೂ ನಡುವೆ ಒಂದು ಚೌಕ!

ಕಾರಣ, ಅಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ನಿಜಕ್ಕೂ ಇದೆ. "ಬ್ಯಾಂಕ್" ಪಕ್ಕದಲ್ಲಿ "ನಲ್ಲಿ" ಟೈಪ್ ಮಾಡಿದರೆ ಕನ್ನಡದ ನಿಯಮದಂತೆ ಕ್ ಮತ್ತು ನ ಸೇರಿ ಒತ್ತಕ್ಷರವಾಗಿ "ಬ್ಯಾಂಕ್ನಲ್ಲಿ" ಆಗಿಬಿಡುತ್ತದೆ. ಹಾಗಾಗದಂತೆ ಇಬ್ಬರನ್ನೂ ದೂರ ಇಡಲು ಕೀಬೋರ್ಡ್ ನಡುವೆ ಅಗಲವೇ ಇಲ್ಲದ ಒಂದು ಗುರುತು ಹಾಕುತ್ತದೆ. ಅದರ ಯೂನಿಕೋಡ್ ಸಂಖ್ಯೆ `U+200C`. ಅದರ ಕೆಲಸ ಬೇಲಿಯಂತೆ ನಿಲ್ಲುವುದು ಮಾತ್ರ, ಕಾಣಿಸಿಕೊಳ್ಳುವುದಲ್ಲ. ಆದರೆ ಫಾಂಟಿನಲ್ಲಿ ಅದಕ್ಕೆ ಜಾಗವಿಲ್ಲದೆ, ತಂತ್ರಾಂಶಕ್ಕೂ ಅದನ್ನು ಮರೆಮಾಡಬೇಕೆಂದು ಗೊತ್ತಿಲ್ಲದಿದ್ದರೆ, ಅದೃಶ್ಯ ಗುರುತು ಚೌಕವಾಗಿ ಎದ್ದು ನಿಲ್ಲುತ್ತದೆ.

ಹೀಗಾಗಿ "ಮಾರ್ಚ್‌ನಲ್ಲಿ", "ಫೋನ್‌ಗೆ", "ಬಸ್‌ಸ್ಟ್ಯಾಂಡ್" ತರಹದ, ನಡುವೆ ಅರ್ಧಾಕ್ಷರ ಬಂದು ಮುಂದುವರಿಯುವ ಪದಗಳನ್ನು ಮೊದಲು ನೋಡಿ. ಇಂಗ್ಲಿಷ್‌ನಿಂದ ಬಂದ ಪದಗಳಿಗೆ ಕನ್ನಡದ ಪ್ರತ್ಯಯ ಸೇರುವ ಕಡೆಯೇ ಇದು ಹೆಚ್ಚು.

ಪುಟ ಏಕೆ ಉದ್ದವಾಯಿತು?

ಇಲ್ಲಿ ಚೌಕವೂ ಇಲ್ಲ, ತಪ್ಪು ಅಕ್ಷರವೂ ಇಲ್ಲ. ಆದರೆ ಫಾಂಟ್ ಬದಲಾಗಿದೆ. ತುಂಗಾ ಹಿಂದೆ ವಿಂಡೋಸ್‌ನೊಂದಿಗೇ ಬರುತ್ತಿದ್ದ ಕನ್ನಡ ಫಾಂಟ್. ವಿಂಡೋಸ್ 10ರಿಂದ ಅದು ಬೇಕಿದ್ದರೆ ಸೇರಿಸಿಕೊಳ್ಳುವ ಹೆಚ್ಚುವರಿ ಫಾಂಟುಗಳ ಪಟ್ಟಿಗೆ ಹೋಗಿದೆ, ಎಲ್ಲ ಕಂಪ್ಯೂಟರುಗಳಲ್ಲೂ ತಾನಾಗಿ ಇರುವುದು ನಿರ್ಮಲಾ ಯುಐ. ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ತುಂಗಾ ಇರಲಿಲ್ಲ. ಅದರ ಬದಲು ಬೇರೆ ಫಾಂಟ್ ಬಂತು, ಅದರ ಅಕ್ಷರಗಳ ಅಗಲ ಮತ್ತು ಸಾಲುಗಳ ಅಂತರ ಬೇರೆ, ಹಾಗಾಗಿ ಎರಡು ಸಾಲು ಮುಂದಿನ ಪುಟಕ್ಕೆ ಬಿತ್ತು.

ಈ ಬದಲಾವಣೆ ಪಿಡಿಎಫ್ ಆಗುವ ಮೊದಲೇ ಆಗಿದೆ. ಆದ್ದರಿಂದ ಎಲ್ಲ ಸಾಧನಗಳಲ್ಲೂ ಒಂದೇ ರೀತಿ ಕಾಣುತ್ತದೆ, ಎರಡು ಸಾಧನದ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಹಿಡಿಯುವುದು ಫಾಂಟುಗಳ ಪಟ್ಟಿ.

ಫಾಂಟ್ ಪಟ್ಟಿ ನೋಡುವುದು ಹೇಗೆ?

ಕಂಪ್ಯೂಟರಿನಲ್ಲಿ ಅಡೋಬಿಯ ಉಚಿತ ಅಕ್ರೊಬ್ಯಾಟ್ ರೀಡರ್ ಇದ್ದರೆ ಸಾಕು. ಪಿಡಿಎಫ್ ತೆರೆದು, ಎಲ್ಲ ಪುಟಗಳನ್ನೂ ಒಮ್ಮೆ ಕೊನೆಯವರೆಗೆ ಸರಿಸಿ ನೋಡಿ, ಆಮೇಲೆ `Ctrl+D` ಒತ್ತಿ. ತೆರೆದ ಕಿಟಕಿಯಲ್ಲಿ `Fonts` ಎಂಬ ಭಾಗಕ್ಕೆ ಹೋಗಿ. ಪ್ರತಿ ಫಾಂಟಿನ ಹೆಸರಿನ ಪಕ್ಕದಲ್ಲಿ `Embedded Subset` ಅಥವಾ `Embedded` ಎಂದಿದ್ದರೆ ಅದು ಕಡತದೊಳಗೆ ಸೇರಿದೆ. ಹಾಗೆ ಏನೂ ಇಲ್ಲದೆ, ಕೆಳಗೆ `Actual Font` ಎಂದು ಬೇರೊಂದು ಹೆಸರು ಕಂಡರೆ, ಫಾಂಟ್ ಸೇರಿಲ್ಲ ಮತ್ತು ಅದರ ಬದಲು ಆ ಹೆಸರಿನದು ಬಂದಿದೆ ಎಂದರ್ಥ.

ಉಬುಂಟು ಬಳಸುವವರಿಗೆ ಇನ್ನೂ ಸುಲಭ. `poppler-utils` ಹಾಕಿಕೊಂಡರೆ ಒಂದೇ ಆದೇಶ ಸಾಕು. ನಮ್ಮ ನೋಟಿಸಿಗೆ ಅದು ಕೊಡುವ ಉತ್ತರ ಹೀಗಿರುತ್ತದೆ ಎಂದುಕೊಳ್ಳಿ:

```
$ pdffonts notice.pdf
name              type          encoding    emb sub uni
----------------- ------------- ----------- --- --- ---
BCDEEE+NirmalaUI  CID TrueType  Identity-H  yes yes yes
BCDFEE+Kedage     CID TrueType  Identity-H  yes yes yes
Nudi01e           TrueType      WinAnsi     no  no  no
```

ಇದರಲ್ಲಿ ನಾವು ನೋಡಬೇಕಾದದ್ದು ಮೊದಲ ಕಂಬ ಮತ್ತು `emb` ಕಂಬ ಮಾತ್ರ. ಹೆಸರಿನ ಮುಂದೆ ಇರುವ ಆರು ದೊಡ್ಡಕ್ಷರ ಮತ್ತು ಕೂಡಿಸುವ ಗುರುತು, ಫಾಂಟಿನಲ್ಲಿ ಬೇಕಾದಷ್ಟು ಚಿತ್ರಗಳನ್ನು ಮಾತ್ರ ಆರಿಸಿ ಸೇರಿಸಲಾಗಿದೆ ಎಂಬ ಸೂಚನೆ. ಅದು ತೊಂದರೆಯಲ್ಲ, ಕಡತದ ಗಾತ್ರ ಚಿಕ್ಕದಾಗಲಿ ಎಂದು ಹಾಗೆ ಮಾಡುತ್ತಾರೆ.

ಈಗ ಓದೋಣ. ಮೂರನೇ ಸಾಲಿನಲ್ಲಿ ನುಡಿಯ ಮುಂದೆ `emb` ಕೆಳಗೆ `no` ಇದೆ. ಶೀರ್ಷಿಕೆ ಕೆಟ್ಟದ್ದು ಇದರಿಂದಲೇ. ಕಾರ್ಯದರ್ಶಿಗಳು ಆರಿಸಿದ್ದ ತುಂಗಾ ಪಟ್ಟಿಯಲ್ಲೇ ಇಲ್ಲ, ಅದರ ಜಾಗದಲ್ಲಿ ನಿರ್ಮಲಾ ಯುಐ ಇದೆ. ಪುಟ ಉದ್ದವಾದ ಕಾರಣ ಇಲ್ಲಿ ಸಿಕ್ಕಿತು. ಹಣದ ವಿವರವಿರುವ ಭಾಗಕ್ಕೆ ಅಂಗಡಿಯವರು ಬಳಸಿದ ಹಳೆಯ ಫಾಂಟ್ ಎರಡನೇ ಸಾಲಿನಲ್ಲಿದೆ, ಅದರ ಮುಂದೆ `yes` ಇದೆ.

ಇಲ್ಲೇ ಹಲವರು ಎಡವುವುದು. `yes` ಎಂದರೆ ಪೆಟ್ಟಿಗೆ ಕಡತದೊಳಗಿದೆ ಎಂದಷ್ಟೇ. ಆ ಪೆಟ್ಟಿಗೆಯಲ್ಲಿ ₹ ಇದೆಯೇ ಎಂದು ಅದು ಹೇಳುವುದಿಲ್ಲ. ಎಲ್ಲ ಸಾಲಿನಲ್ಲೂ `yes` ಇದ್ದು ಪುಟದಲ್ಲಿ ಚೌಕಗಳಿರಬಹುದು, ಏಕೆಂದರೆ ಚೌಕವೂ ಆ ಫಾಂಟಿನದೇ ಒಂದು ಚಿತ್ರ. ಹಾಗಾಗಿ ಪಟ್ಟಿ ನೋಡಿದ ಮೇಲೂ ಕಣ್ಣಿನಿಂದ ಓದಲೇಬೇಕು.

ಕಣ್ಣಿನಿಂದ ಓದುವಾಗ ಏನು ನೋಡಬೇಕು?

ಬರೀ ಚೌಕಗಳನ್ನು ಹುಡುಕಿದರೆ ಸಾಲದು. ಚೌಕವೇ ಇಲ್ಲದೆ ಕನ್ನಡ ಕೆಡುವ ಇನ್ನೊಂದು ದಾರಿ ಇದೆ. ರಸೀದಿ, ಬಿಲ್ಲು, ಪ್ರವೇಶಪತ್ರಗಳನ್ನು ತಾನಾಗಿ ಮಾಡಿಕೊಡುವ ಕೆಲವು ತಂತ್ರಾಂಶಗಳು ಇಂಗ್ಲಿಷ್ ಬರೆದಂತೆ ಕನ್ನಡದ ಅಕ್ಷರಗಳನ್ನೂ ಒಂದರ ಪಕ್ಕ ಒಂದು ಇಡುತ್ತವೆ. ಇಂಗ್ಲಿಷ್‌ಗೆ ಅಷ್ಟು ಸಾಕು. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯಬೇಕು, ಅರ್ಕಾವೊತ್ತು ಮುಂದೆ ಹೋಗಬೇಕು, ಗುಣಿತ ಅಂಟಿಕೊಳ್ಳಬೇಕು. ಆ ಹೆಜ್ಜೆ ತಪ್ಪಿದರೆ "ಕನ್ನಡ" ಎಂಬುದು "ಕನ್‌ನಡ" ಆಗುತ್ತದೆ, "ಕರ್ನಾಟಕ" ಎಂಬುದು "ಕರ್‌ನಾಟಕ" ಆಗುತ್ತದೆ. ಫಾಂಟ್ ಪಟ್ಟಿಯಲ್ಲಿ ಎಲ್ಲವೂ `yes`, ಚೌಕ ಒಂದೂ ಇಲ್ಲ, ಆದರೂ ಬರಹ ತಪ್ಪು.

ಆದ್ದರಿಂದ ಪುಟವನ್ನು ಎರಡು ಪಟ್ಟು ದೊಡ್ಡದು ಮಾಡಿಕೊಂಡು ಇಂಥ ಪದಗಳನ್ನು ಹುಡುಕಿ ನೋಡಿ. ಎರಡು ಒತ್ತುಗಳಿರುವ "ರಾಷ್ಟ್ರ", "ಸ್ತ್ರೀ" ಯಂಥವು. ಅರ್ಕಾವೊತ್ತು ಇರುವ "ಅರ್ಥ", "ವರ್ಷ", "ಕಾರ್ಯದರ್ಶಿ" ಯಂಥವು. ವಟ್ರಸುಳಿ ಮತ್ತು ಒತ್ತು ಎರಡೂ ಇರುವ "ಕೃಷ್ಣ". ಗುಣಿತ ಮೇಲೆಯೂ ಪಕ್ಕದಲ್ಲೂ ಹರಡುವ "ಕೋರಿಕೆ", "ಮೈಸೂರು". ಇವು ಸರಿಯಾಗಿದ್ದರೆ ಉಳಿದ ಸಾಮಾನ್ಯ ಪದಗಳು ಸರಿಯಾಗಿರುವ ಸಾಧ್ಯತೆ ಹೆಚ್ಚು. ಇವುಗಳ ಜೊತೆ ₹ ಚಿಹ್ನೆ, ಕನ್ನಡ ಅಂಕಿ ಮತ್ತು ನಾವು ಆಗಲೇ ನೋಡಿದ "ಬ್ಯಾಂಕ್‌ನಲ್ಲಿ" ತರಹದ ಪದಗಳು. ಶೀರ್ಷಿಕೆ, ಪುಟದ ಅಡಿಯ ಸಾಲು, ಕೋಷ್ಟಕದ ಒಳಭಾಗ, ದಪ್ಪ ಅಕ್ಷರದ ಸಾಲು, ಇವುಗಳನ್ನು ಬೇರೆ ಬೇರೆಯಾಗಿ ನೋಡಿ. ಪ್ರತಿಯೊಂದಕ್ಕೂ ಬೇರೆ ಫಾಂಟ್ ಇರಬಹುದು.

ಫೋನ್ ಮಾತ್ರ ಇರುವವರು ಇಷ್ಟನ್ನೇ ಮಾಡಬಹುದು. ನಿಮ್ಮದಲ್ಲದ ಇನ್ನೊಬ್ಬರ ಫೋನಿಗೆ ಕಳಿಸಿ, ಅಲ್ಲಿ ತೆರೆದು ಈ ಪದಗಳನ್ನು ನೋಡಿ. ಫಾಂಟ್ ಪರೀಕ್ಷಿಸಿಕೊಡುತ್ತೇವೆ ಎನ್ನುವ ಜಾಲತಾಣಗಳಿಗೆ ಜನರ ಹೆಸರು, ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಇರುವ ಕಡತಗಳನ್ನು ಹಾಕಬೇಡಿ.

ಕಾಪಿ ಮಾಡಿ ನೋಡಿದರೆ ಗೊತ್ತಾಗುವುದಿಲ್ಲವೇ?

"ಪಿಡಿಎಫ್‌ನಿಂದ ಕಾಪಿ ಮಾಡಿ ಪೇಸ್ಟ್ ಮಾಡಿ, ಸರಿ ಬಂದರೆ ಕಡತ ಸರಿ" ಎಂಬ ಸಲಹೆಯೂ ಓಡಾಡುತ್ತದೆ. ಇದನ್ನು ಪೂರ್ತಿ ನಂಬಲಾಗದು.

ಪಿಡಿಎಫ್ ಮುಖ್ಯವಾಗಿ ಇಟ್ಟುಕೊಳ್ಳುವುದು ಯಾವ ಚಿತ್ರ ಯಾವ ಜಾಗದಲ್ಲಿ ಎಂಬುದನ್ನು. "ಅರ್ಥ" ಟೈಪ್ ಮಾಡುವಾಗ ಮೊದಲು ರ, ಆಮೇಲೆ ಥ. ಆದರೆ ಕಾಣುವಾಗ ಮೊದಲು ಥ, ಆಮೇಲೆ ಅರ್ಕಾವೊತ್ತು. ಕಾಪಿ ಮಾಡುವಾಗ ಆ್ಯಪ್ ಚಿತ್ರಗಳನ್ನು ಕಂಡ ಕ್ರಮದಲ್ಲೇ ಎತ್ತಿಕೊಂಡರೆ "ಅಥರ್" ಎಂದು ಬರುತ್ತದೆ. ಫಾರ್ವರ್ಡ್‌ಗಳಲ್ಲಿ "ಕನಾರ್ಟಕ", "ವಷರ್", "ಧಮರ್" ಎಂದು ನೀವು ಎಷ್ಟೋ ಸಲ ನೋಡಿರಬಹುದು. ಬರೆದವರಿಗೆ ಕನ್ನಡ ಬಾರದು ಎಂದಲ್ಲ. ಪಿಡಿಎಫ್‌ನಿಂದ ಕಾಪಿ ಮಾಡುವಾಗ ಅಥವಾ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸುವಾಗ ಅರ್ಕಾವೊತ್ತು ಜಾಗ ತಪ್ಪಿದ ಗುರುತು ಅದು.

ಹಾಗಾಗಿ ಕಾಪಿ ಕೆಟ್ಟು ಬಂದರೂ ಪುಟ ನೋಡಲು ಸರಿಯಾಗಿರಬಹುದು. ಅದರ ವಿರುದ್ಧವೂ ಆಗಬಹುದು. ಪುಟದಲ್ಲಿ ಚೌಕ ಇದ್ದು, ಕಡತದ ಒಳಗೆ ಮೂಲ ಅಕ್ಷರದ ಸಂಖ್ಯೆ ಉಳಿದಿದ್ದರೆ, ಪೇಸ್ಟ್ ಮಾಡಿದಾಗ ₹ ಸರಿಯಾಗಿ ಬಂದುಬಿಡುತ್ತದೆ. ಕಾಪಿಯಿಂದ ತಿಳಿಯುವುದು ಒಂದೇ ವಿಷಯ: ಈ ಕಡತದಲ್ಲಿ ಪದ ಹುಡುಕಲು ಆಗುತ್ತದೆಯೇ, ಕಣ್ಣು ಕಾಣದವರ ಫೋನ್ ಅದನ್ನು ಗಟ್ಟಿಯಾಗಿ ಓದಿ ಹೇಳಬಲ್ಲದೇ ಎಂಬುದು. ಹಳೆಯ ನುಡಿ ಫಾಂಟ್ ಕಡತದೊಳಗೆ ಸೇರಿದ್ದರೆ ಪುಟ ಎಲ್ಲೆಡೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಓದಿ ಹೇಳುವ ಆ್ಯಪ್‌ಗೆ ಅಲ್ಲಿ ಸಿಗುವುದು `ªÁ¶ðPÀ` ಮಾತ್ರ.

ಸರಿಪಡಿಸುವುದು ಹೇಗೆ?

ಈಗ ನೋಟಿಸನ್ನು ದುರಸ್ತಿ ಮಾಡೋಣ. ಎಲ್ಲವನ್ನೂ ಮೂಲ ಕಡತದಲ್ಲೇ ಮಾಡಬೇಕು, ಪಿಡಿಎಫ್‌ನಲ್ಲಿ ಅಲ್ಲ.

ಶೀರ್ಷಿಕೆಯನ್ನು ಯೂನಿಕೋಡ್ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡುವುದು ಉತ್ತಮ. ಎರಡೇ ಪದ, ಪರಿವರ್ತಕ ಬಳಸಿ ಅರ್ಕಾವೊತ್ತು ತಪ್ಪಿಸಿಕೊಳ್ಳುವ ಅಗತ್ಯವಿಲ್ಲ. ಹಣದ ಸಾಲಿನಲ್ಲಿ ₹ ಬದಲು "ರೂ. 1,250" ಎಂದು ಬರೆದರೆ ಯಾವ ಹಳೆಯ ಯೂನಿಕೋಡ್ ಫಾಂಟಿನಲ್ಲೂ ತೊಂದರೆ ಇಲ್ಲ. ₹ ಬೇಕೇ ಬೇಕು ಎಂದರೆ ಆ ಒಂದು ಚಿಹ್ನೆಗೆ ಬೇರೆ ಫಾಂಟ್ ಕೊಡಿ. "ಬ್ಯಾಂಕ್‌ನಲ್ಲಿ" ಪದಕ್ಕೆ ಹೊಸ ಫಾಂಟ್ ಹಾಕಬಹುದು, ಇಲ್ಲವೇ "ಬ್ಯಾಂಕಿನಲ್ಲಿ" ಎಂದು ಬರೆದುಬಿಡಬಹುದು. ಇಡೀ ಪುಟಕ್ಕೆ ಉಚಿತವಾಗಿ ಸಿಗುವ ನೋಟೋ ಸ್ಯಾನ್ಸ್ ಕನ್ನಡದಂಥ ಒಂದೇ ಫಾಂಟನ್ನು ಮನೆಯಲ್ಲೂ ಅಂಗಡಿಯಲ್ಲೂ ಇಟ್ಟುಕೊಂಡರೆ, ಪುಟ ಉದ್ದವಾಗುವ ತೊಂದರೆಯೂ ತಪ್ಪುತ್ತದೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಬಂದಿದ್ದರೆ ಮಾತ್ರ ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ತಂತ್ರಾಂಶದಲ್ಲೇ ಸರಿಪಡಿಸಬೇಕು. ಇನ್‌ಡಿಸೈನ್ ಬಳಸುವವರು `Adobe World-Ready Paragraph Composer` ಆರಿಸಿಕೊಳ್ಳಬೇಕು.

ಫಾಂಟ್ ಕಡತದೊಳಗೆ ಸೇರುವಂತೆ ಮಾಡಲು ಪಿಡಿಎಫ್/ಎ ಎಂಬ ಬಗೆಯನ್ನು ಆರಿಸಿ. ಬಹುಕಾಲ ಉಳಿಯಬೇಕಾದ ದಾಖಲೆಗಳಿಗಾಗಿ ಮಾಡಿದ ಈ ಬಗೆಯಲ್ಲಿ ಬಳಸಿದ ಫಾಂಟುಗಳೆಲ್ಲ ಒಳಗಿರಲೇಬೇಕು ಎಂಬ ನಿಯಮವಿದೆ. ವರ್ಡ್‌ನಲ್ಲಿ ಪಿಡಿಎಫ್ ಆಗಿ ಉಳಿಸುವಾಗ `Options` ಒಳಗೆ `PDF/A compliant` ಎಂಬ ಆಯ್ಕೆ ಸಿಗುತ್ತದೆ. ಲಿಬ್ರೆ ಆಫೀಸ್‌ನ ಪಿಡಿಎಫ್ ಕಿಟಕಿಯಲ್ಲೂ ಇಂಥದೇ ಆಯ್ಕೆ ಇದೆ. ಆದರೆ ನೆನಪಿಡಿ, ಇದು ಶೀರ್ಷಿಕೆಯಂಥ ತೊಂದರೆಗೆ ಮದ್ದು. ಫಾಂಟಿನಲ್ಲೇ ಇಲ್ಲದ ₹ ಅನ್ನು ಅದು ಹುಟ್ಟಿಸುವುದಿಲ್ಲ.

ಡಿಟಿಪಿಯವರು "ಕರ್ವ್ ಮಾಡಿ ಕೊಡ್ತೀವಿ" ಎನ್ನುವುದುಂಟು. ಅಕ್ಷರಗಳನ್ನೆಲ್ಲ ಗೆರೆಗಳ ಚಿತ್ರವಾಗಿಸುವ ಈ ದಾರಿ ಮುದ್ರಣಕ್ಕೆ ಸರಿ, ಫಾಂಟ್ ಬದಲಾಗುವ ಭಯವೇ ಇರುವುದಿಲ್ಲ. ಆದರೆ ಆಮೇಲೆ ಆ ಕಡತದಲ್ಲಿ ಒಂದು ಪದವನ್ನೂ ಹುಡುಕಲಾಗದು, ಓದಿ ಹೇಳುವ ಆ್ಯಪ್‌ಗೆ ಏನೂ ಸಿಗದು. ಕರ್ವ್ ಮಾಡುವ ಮೊದಲೇ ಚೌಕ ಇದ್ದರೆ ಅದೂ ಹಾಗೆಯೇ ಗೆರೆಯಾಗಿ ಉಳಿಯುತ್ತದೆ. ಹಾಗಾಗಿ ಮುದ್ರಣಕ್ಕೆ ಒಂದು ಕಡತ, ಗ್ರೂಪಿಗೆ ಕಳಿಸಲು ಇನ್ನೊಂದು ಕಡತ ಕೇಳಿ.

ಇನ್ನು ಮುಂದೆ ಗ್ರೂಪಿನಲ್ಲಿ ಚೌಕಗಳಿರುವ ಪಿಡಿಎಫ್ ಬಂದರೆ, ಫಾಂಟ್ ಆ್ಯಪ್ ಹುಡುಕುವ ಬದಲು ಇನ್ನೊಬ್ಬರಿಗೂ ಅದೇ ಜಾಗದಲ್ಲಿ ಚೌಕ ಕಾಣುತ್ತಿದೆಯೇ ಎಂದು ಕೇಳಿ. ಕಾಣುತ್ತಿದ್ದರೆ ಅದರ ಚಿತ್ರ ತೆಗೆದು ಕಡತ ಮಾಡಿದವರಿಗೇ ಕಳಿಸಿ. ಚೌಕದ ಪಕ್ಕದಲ್ಲಿ ಹಣ, ದಿನಾಂಕ, ಔಷಧಿಯ ಪ್ರಮಾಣ ಇದ್ದರೆ ಅಲ್ಲಿ ಏನಿರಬಹುದು ಎಂದು ಊಹಿಸಿ ಫಾರ್ವರ್ಡ್ ಮಾಡಬೇಡಿ. ಅಲ್ಲಿದ್ದ ಅಕ್ಷರ ಯಾವುದು ಎಂದು ಮೂಲ ಕಡತ ಇರುವವರೇ ಹೇಳಬೇಕು.